ಪಂದ್ಯ ಮುಗಿದ ಮೇಲೆ ಮುಕ್ಕಾಲು ನಿಮಿಷದ ವಿಡಿಯೊ: ಒಂದು ಅಭಿಪ್ರಾಯ, ಒಂದು ಸಾಕ್ಷ್ಯ, ಎದುರು ತಂಡದವರಿಗೆ ಗೌರವ

ಕಲಬುರಗಿ, ಬೀದರ್ ಮತ್ತು ಯಾದಗಿರಿಯಲ್ಲಿ ಕುಳಿತು ಐಪಿಎಲ್ ಬಗ್ಗೆ ಮಾತನಾಡುವವರಿಗೆ ಬೆಂಗಳೂರಿನವರಿಗಿಲ್ಲದ ಒಂದು ಇಕ್ಕಟ್ಟಿದೆ. ಇಲ್ಲಿ ರಾಜ್ಯದ ಹೆಸರಿಗೆ ಆರ್‌ಸಿಬಿ ನಮ್ಮದು, ಆದರೆ ಓದು, ಆಸ್ಪತ್ರೆ, ವ್ಯಾಪಾರ ಮತ್ತು ಬೀಗತನಗಳ ದೆಸೆಯಿಂದ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. ಆದ್ದರಿಂದ ಒಂದೇ ಮನೆಯಲ್ಲಿ ಅಣ್ಣ ಕೆಂಪು ಜೆರ್ಸಿ ಹಾಕಿ ತಮ್ಮ ಕಿತ್ತಳೆ ಜೆರ್ಸಿ ಹಾಕಿಕೊಂಡು ಕೂರುವುದು ಇಲ್ಲಿ ಅಪರೂಪವಲ್ಲ. ಹೀಗಾಗಿ ಸನ್‌ರೈಸರ್ಸ್ ಹೈದರಾಬಾದ್ ವಿರುದ್ಧದ ಪಂದ್ಯ ಮುಗಿದ ಮೇಲೆ ನೀವು ಮಾಡುವ ಕಿರು ವಿಡಿಯೊವನ್ನು ನೋಡುವ ಎದುರು ತಂಡದ ಅಭಿಮಾನಿ ಎಲ್ಲೋ ದೂರದಲ್ಲಿರುವ ಅಪರಿಚಿತನಲ್ಲ, ನಾಳೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಎದುರಾಗುವವನೇ ಆಗಿರುತ್ತಾನೆ. ಅವನು ಪೂರ್ತಿ ನೋಡಿ, ಒಪ್ಪದಿದ್ದರೂ ವಾದಿಸಲು ತಯಾರಾಗುವಂತಹ ನಲವತ್ತೈದು ಸೆಕೆಂಡುಗಳನ್ನು ಕಟ್ಟುವುದು ಹೇಗೆ ಎಂಬುದನ್ನು ಒಂದೇ ಪಂದ್ಯವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಆ ಪಂದ್ಯ 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದದ್ದು. ಹೈದರಾಬಾದ್ ಮೂರು ವಿಕೆಟ್‌ಗೆ 287 ರನ್ ಗಳಿಸಿತು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಅಷ್ಟು ರನ್ ಗಳಿಸಿರಲಿಲ್ಲ. ಆರ್‌ಸಿಬಿ ಏಳು ವಿಕೆಟ್‌ಗೆ 262 ರನ್ ಗಳಿಸಿ 25 ರನ್‌ಗಳಿಂದ ಸೋತಿತು. ಸೋತ ಕಡೆಯ ಅಭಿಮಾನಿಯಾಗಿ ಮಾತನಾಡುವುದು ಕಷ್ಟ, ಆದ್ದರಿಂದಲೇ ಕಲಿಯಲು ಈ ಪಂದ್ಯ ಚೆನ್ನಾಗಿದೆ.

ಮೊದಲ ಹೆಜ್ಜೆ: ಪಂದ್ಯ ನೋಡುವಾಗಲೇ ಮೂರು ಕಡೆ ಗುರುತು ಹಾಕಿ

ಪಂದ್ಯ ಮುಗಿದ ಮೇಲೆ ಸಾಕ್ಷ್ಯ ಹುಡುಕಲು ಕುಳಿತರೆ ಕೊನೆಯ ಎರಡು ಓವರುಗಳು ಮಾತ್ರ ನೆನಪಿನಲ್ಲಿ ಉಳಿದಿರುತ್ತವೆ. ಅದಕ್ಕಾಗಿ ಒಂದು ನೋಟ್‌ಬುಕ್ ಹತ್ತಿರ ಇಟ್ಟುಕೊಂಡು, ಎರಡೂ ಇನ್ನಿಂಗ್ಸ್‌ಗಳಲ್ಲಿ ಆರನೇ, ಹತ್ತನೇ ಮತ್ತು ಹದಿನೈದನೇ ಓವರ್ ಮುಗಿದಾಗ ರನ್ ಮತ್ತು ವಿಕೆಟ್‌ಗಳನ್ನು ಬರೆದಿಡಬೇಕು. ಆರನೇ ಓವರ್ ಏಕೆಂದರೆ ಅಲ್ಲಿಗೆ ಪವರ್‌ಪ್ಲೇ ಮುಗಿದು, 30 ಗಜದ ವೃತ್ತದ ಹೊರಗೆ ಇಬ್ಬರ ಬದಲು ಐವರು ಕ್ಷೇತ್ರರಕ್ಷಕರು ನಿಲ್ಲಬಹುದು, ಆಟದ ಲೆಕ್ಕವೇ ಬದಲಾಗುತ್ತದೆ. ಉಳಿದೆರಡು ಗುರುತುಗಳು ಮಧ್ಯದ ಓವರುಗಳನ್ನೂ ಕೊನೆಯ ಹೊಡೆತಗಳನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ. ಇದಕ್ಕಿಂತ ಹೆಚ್ಚು ಬರೆಯುವುದು ಬೇಡ. ಸ್ಕೋರರ್ ಆಗಲು ಹೊರಟರೆ ಆಟ ನೋಡುವುದು ತಪ್ಪಿಹೋಗುತ್ತದೆ.

ಆ ರಾತ್ರಿಯ ಪುಟದಲ್ಲಿ ಆರನೇ ಓವರಿನ ಸಾಲು ಹೀಗಿರುತ್ತಿತ್ತು: ಹೈದರಾಬಾದ್ ವಿಕೆಟ್ ನಷ್ಟವಿಲ್ಲದೆ 76, ಬೆಂಗಳೂರು ವಿಕೆಟ್ ನಷ್ಟವಿಲ್ಲದೆ 79. ದಾಖಲೆಯ ಮೊತ್ತ ಗಳಿಸಿದ ತಂಡಕ್ಕಿಂತ ಬೆನ್ನಟ್ಟಿದ ತಂಡ ಆ ಹಂತದಲ್ಲಿ ಮೂರು ರನ್ ಮುಂದಿತ್ತು. 287 ಎಂಬ ಸಂಖ್ಯೆಯ ಗದ್ದಲದಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ, ನೋಟ್‌ಬುಕ್‌ಗೆ ಮಾತ್ರ ನೆನಪಿರುತ್ತದೆ.

ಎರಡನೇ ಹೆಜ್ಜೆ: ಮೊದಲು ಬಾಯಿಗೆ ಬಂದ ಅಭಿಪ್ರಾಯವನ್ನು ಬರೆದು, ಅದನ್ನೇ ಬೀಳಿಸಲು ನೋಡಿ

ಪಂದ್ಯ ಮುಗಿದ ಕೂಡಲೇ ಎಲ್ಲರ ಬಾಯಲ್ಲೂ ಬಂದ ಮಾತು "ಬೌಲರ್‌ಗಳು ಸೋಲಿಸಿದರು" ಎಂಬುದು. ಅದಕ್ಕೆ ಸಾಕ್ಷ್ಯವೂ ಕೈಗೆಟಕುವಂತಿತ್ತು. ರೀಸ್ ಟಾಪ್ಲಿ ನಾಲ್ಕು ಓವರಿನಲ್ಲಿ 68, ವಿಜಯಕುಮಾರ್ ವೈಶಾಕ್ 64 ರನ್ ಕೊಟ್ಟಿದ್ದರು. ಇಷ್ಟು ಸಾಕೆಂದು ಕ್ಯಾಮೆರಾ ತೆರೆದರೆ ವಿಡಿಯೊ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ, ಅದೇ ರಾತ್ರಿ ಬಂದ ನೂರಾರು ವಿಡಿಯೊಗಳ ಸಾಲಿಗೂ ಸೇರುತ್ತದೆ.

ಬದಲಿಗೆ ಆ ಮಾತನ್ನು ಹಾಳೆಯ ಮೇಲೆ ಬರೆದು, ಎದುರು ತಂಡದವನ ಜಾಗದಲ್ಲಿ ಕುಳಿತು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದೇ ಅಳತೆಗೋಲನ್ನು ಗೆದ್ದವರಿಗೆ ಹಿಡಿದರೆ ಏನಾಗುತ್ತದೆ? ಹೈದರಾಬಾದಿನ ನಾಯಕ ಪ್ಯಾಟ್ ಕಮಿನ್ಸ್ ಮೂರು ವಿಕೆಟ್ ಪಡೆದ ದಿನವೂ ನಾಲ್ಕು ಓವರಿನಲ್ಲಿ 43 ರನ್ ಕೊಟ್ಟಿದ್ದರು, ಅಂದರೆ ಓವರಿಗೆ ಹತ್ತಕ್ಕಿಂತ ಹೆಚ್ಚು. ಎರಡೂ ಕಡೆ ಸೇರಿ 549 ರನ್ ಬಂದ ಪಿಚ್‌ನಲ್ಲಿ ರನ್ ಕೊಡದ ಬೌಲರ್ ಇರಲಿಲ್ಲ. ಹಾಗಾದರೆ ರನ್ ಕೊಟ್ಟದ್ದು ಎರಡು ತಂಡಗಳ ನಡುವಿನ ವ್ಯತ್ಯಾಸವನ್ನು ಪೂರ್ತಿ ವಿವರಿಸುವುದಿಲ್ಲ, ಬೇರೆ ಏನೋ ಇದೆ ಎಂದಾಯಿತು.

ಆ ಬೇರೆ ಏನೋ ಸ್ಕೋರ್‌ಕಾರ್ಡಿನ ಕೆಳಭಾಗದಲ್ಲಿ, ಹೆಚ್ಚಿನವರು ಬೆರಳಿನಿಂದ ಸರಿಸಿ ಮುಂದೆ ಹೋಗುವ "ವಿಕೆಟ್ ಪತನ" ಎಂಬ ಸಾಲಿನಲ್ಲಿ ಸಿಗುತ್ತದೆ. ಬೆಂಗಳೂರಿನ ಮೊದಲ ವಿಕೆಟ್ 80ಕ್ಕೆ ಬಿತ್ತು, ಐದನೆಯದು 122ಕ್ಕೆ. ಏಳನೇ ಓವರಿನಿಂದ ಹತ್ತನೇ ಓವರಿನ ಒಳಗೆ, 42 ರನ್‌ಗಳ ಅಂತರದಲ್ಲಿ ಕೊಹ್ಲಿ, ಜ್ಯಾಕ್ಸ್, ಪಾಟೀದಾರ್, ಡುಪ್ಲೆಸಿ ಮತ್ತು ಸೌರವ್ ಚೌಹಾಣ್ ಐವರೂ ಹೋದರು. ಹೈದರಾಬಾದ್ ಇಪ್ಪತ್ತು ಓವರ್‌ಗಳಲ್ಲಿ ಕಳೆದುಕೊಂಡದ್ದೇ ಮೂರು ವಿಕೆಟ್. ಈಗ ಅಭಿಪ್ರಾಯ ಬದಲಾಯಿತು: ಪಂದ್ಯ ತಿರುಗಿದ್ದು ಪವರ್‌ಪ್ಲೇ ಮುಗಿದ ನಂತರದ ನಾಲ್ಕು ಓವರ್‌ಗಳಲ್ಲಿ.

ಇದನ್ನೂ ಒಮ್ಮೆ ಬೀಳಿಸಲು ನೋಡಬೇಕು. "288 ರನ್ ಯಾರಿಂದಲೂ ಆಗುತ್ತಿರಲಿಲ್ಲ, ವಿಕೆಟ್ ಉಳಿದಿದ್ದರೆ ಏನು ಮಹಾ?" ಎಂದು ಎದುರಿನವನು ಕೇಳಬಹುದು. ಅದಕ್ಕೆ ಉತ್ತರ ಆರನೇ ಓವರಿನ ಸಾಲಿನಲ್ಲೇ ಇದೆ. ಉಳಿದ 14 ಓವರಿನಲ್ಲಿ ಬೆಂಗಳೂರಿಗೆ ಬೇಕಿದ್ದದ್ದು 209 ರನ್, ಹೈದರಾಬಾದ್ ಅದೇ ಪಿಚ್‌ನಲ್ಲಿ ತನ್ನ ಕೊನೆಯ 14 ಓವರಿನಲ್ಲಿ ಗಳಿಸಿದ್ದು 211. ಆದ್ದರಿಂದ ಆ ರಾತ್ರಿ, ಆ ಮೈದಾನದಲ್ಲಿ, ಅದು ಆಗದ ಕೆಲಸವೇನಲ್ಲ. ಆದರೂ "ವಿಕೆಟ್ ಉಳಿದಿದ್ದರೆ ಗೆಲ್ಲುತ್ತಿದ್ದೆವು" ಎಂಬಷ್ಟು ದೂರ ಈ ಸಾಕ್ಷ್ಯ ನಮ್ಮನ್ನು ಒಯ್ಯುವುದಿಲ್ಲ. ಓವರಿಗೆ ಸುಮಾರು ಹದಿನೈದು ರನ್ ಯಾವ ತಂಡಕ್ಕೂ ಸುಲಭವಲ್ಲ. ಆದುದರಿಂದ "ಸೋಲಿಗೆ ಕಾರಣ" ಎನ್ನದೆ "ತಿರುವು" ಎಂದಷ್ಟೇ ಹೇಳಬೇಕು. ಅಭಿಪ್ರಾಯವು ಸಾಕ್ಷ್ಯ ಹೊರುವಷ್ಟೇ ಭಾರವಿರಬೇಕು, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಈ ಹೆಜ್ಜೆಯೇ.

ಮೂರನೇ ಹೆಜ್ಜೆ: ಸಂಖ್ಯೆಯನ್ನು ಎರಡು ಕಡೆ ನೋಡಿ

ನೋಟ್‌ಬುಕ್‌ನ ಅಂಕಿಯನ್ನು ಐಪಿಎಲ್‌ನ ಅಧಿಕೃತ ತಾಣದಲ್ಲೋ ಕ್ರಿಕ್‌ಬಜ್ ಅಥವಾ ಕ್ರಿಕ್‌ಇನ್ಫೊದಲ್ಲೋ ಇರುವ ಸ್ಕೋರ್‌ಕಾರ್ಡಿನೊಂದಿಗೆ ತಾಳೆ ನೋಡಿ. ಪಂದ್ಯ ನಡೆಯುತ್ತಿರುವಾಗಿನ ಲೈವ್ ಅಂಕಿಯನ್ನು ನಂಬಬೇಡಿ. ವೈಡ್, ಲೆಗ್‌ಬೈ ಅಥವಾ ಓವರ್‌ಥ್ರೋಗಳ ಲೆಕ್ಕ ಕೆಲವು ನಿಮಿಷಗಳ ನಂತರ ತಿದ್ದುಪಡಿಯಾಗುವುದುಂಟು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಚಿತ್ರದ ಮೇಲಿನ ಅಂಕಿಯನ್ನು ಯಾವ ಕಾರಣಕ್ಕೂ ಬಳಸಬಾರದು. ಅದನ್ನು ಮಾಡಿದವನು ತನ್ನ ವಾದಕ್ಕೆ ಹೊಂದುವ ವರ್ಷದಿಂದ ಲೆಕ್ಕ ಶುರು ಮಾಡಿರುತ್ತಾನೆ, ಆ ವರ್ಷ ಯಾವುದೆಂದು ಚಿತ್ರದಲ್ಲಿ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಬರೆದುಕೊಂಡು ಮಾತನಾಡಿ, ಆದರೆ ನಮ್ಮ ಮಾತಿನಲ್ಲಿ

ಕನ್ನಡವನ್ನು ಸ್ಪಷ್ಟವಾಗಿ, ಉಸಿರು ಕಟ್ಟದಂತೆ ಮಾತನಾಡಿದರೆ ಸೆಕೆಂಡಿಗೆ ಸುಮಾರು ಎರಡು ಪದ ಹಿಡಿಯುತ್ತದೆ. ನಲವತ್ತೈದು ಸೆಕೆಂಡಿಗೆ ತೊಂಬತ್ತು ಪದವೇ ಮಿತಿ, ಎಪ್ಪತ್ತರ ಆಸುಪಾಸಿನಲ್ಲಿ ನಿಂತರೆ ಅಂಕಿ ತೋರಿಸುವಾಗ ಒಂದೆರಡು ಕ್ಷಣ ಸುಮ್ಮನಿರಲು ಜಾಗ ಸಿಗುತ್ತದೆ. "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಎಂಬುದಕ್ಕೆ ಇಲ್ಲಿ ಸ್ಥಳವಿಲ್ಲ, ಮೊದಲೆರಡು ವಾಕ್ಯಗಳಲ್ಲೇ ಅಭಿಪ್ರಾಯ ಬಂದುಬಿಡಬೇಕು. ಈ ಮಾರ್ಗದರ್ಶಿಯನ್ನು ಗ್ರಾಂಥಿಕ ಕನ್ನಡದಲ್ಲಿ ಬರೆಯುತ್ತಿದ್ದರೂ ವಿಡಿಯೊದಲ್ಲಿ ಹಾಗೆ ಮಾತನಾಡಬೇಕೆಂದಿಲ್ಲ. ಕಲಬುರಗಿಯವನು ಬೆಂಗಳೂರಿನ ನಿರೂಪಕನ ಕನ್ನಡವನ್ನು ಎರವಲು ತಂದರೆ ಕೇಳುವವನಿಗೆ ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ. ಆ ಪಂದ್ಯಕ್ಕೆ ನಾನು ಬರೆಯುವ ಮಾತು ಇದು:

"ನಾ ಆರ್‌ಸಿಬಿ ಅಭಿಮಾನಿ. ಪಂದ್ಯ ತಿರುಗಿದ್ದು ಬೌಲಿಂಗ್‌ನಾಗ ಅಲ್ರಿ, ಏಳರಿಂದ ಹತ್ತನೇ ಓವರ್‌ನಾಗ. ನೋಡ್ರಿ, ಆರು ಓವರ್‌ಗೆ ಹೈದರಾಬಾದ್ 76, ನಮ್ಮವರು 79, ಎರಡೂ ಕಡಿ ವಿಕೆಟ್ ಬಿದ್ದಿದ್ದಿಲ್ಲ. ಆಮ್ಯಾಲ ಏನಾತು? 80ಕ್ಕ ಮೊದಲನೇ ವಿಕೆಟ್, 122ಕ್ಕ ಐದನೇದು. ಮಾರ್ಕಂಡೆ ಕೊಹ್ಲಿನ್ನ ಬೌಲ್ಡ್ ಮಾಡಿದ್ರು, ಕಮಿನ್ಸ್ ಒಂದೇ ಓವರ್‌ನಾಗ ಎರಡು ತಗೊಂಡ್ರು. ಅಷ್ಟು ರನ್ ಹೋಗೋ ಪಿಚ್‌ನಾಗ ವಿಕೆಟ್ ತಗೊಂಡಿದ್ದು ಅವ್ರ ಕೆಲಸ, ಅದನ್ನ ಒಪ್ಕೋಬೇಕು. ಕಾರ್ತಿಕ್ 83 ಹೊಡದ್ರೂ ದೂರ ಭಾಳ ಉಳದಿತ್ತು. ಹೈದರಾಬಾದ್‌ದವ್ರು ಹೇಳ್ರಿ, ನಿಮಗ ಯಾವ ಓವರ್‌ನಾಗ ಗೆದ್ದೀವಿ ಅನ್ನಿಸ್ತು?"

ಇದರಲ್ಲಿ ಗಮನಿಸಬೇಕಾದದ್ದು ಎರಡು. ಮೊದಲ ವಾಕ್ಯದಲ್ಲೇ ನಾನು ಯಾವ ಕಡೆಯವನೆಂದು ಹೇಳಿದ್ದೇನೆ. ತಟಸ್ಥನ ವೇಷ ಹಾಕಿದವನ ಪಕ್ಷಪಾತ ಹತ್ತನೇ ಸೆಕೆಂಡಿಗೆ ಬಯಲಾಗುತ್ತದೆ, ಬಹಿರಂಗ ಅಭಿಮಾನಿ ಎದುರಿನವರನ್ನು ಹೊಗಳಿದರೆ ಅದಕ್ಕೆ ತೂಕವಿರುತ್ತದೆ. ಎರಡನೆಯದಾಗಿ, ಮೆಚ್ಚುಗೆಗೆ ಹೆಸರಿದೆ, ಘಟನೆಯಿದೆ. "ಹೈದರಾಬಾದ್ ಚೆನ್ನಾಗಿ ಆಡಿತು" ಎಂಬುದು ಸಭೆಯ ವಂದನಾರ್ಪಣೆಯ ಹಾಗೆ ಕೇಳಿಸುತ್ತದೆ. ಕಮಿನ್ಸ್ ಒಂದು ಓವರಿನಲ್ಲಿ ಡುಪ್ಲೆಸಿ ಮತ್ತು ಚೌಹಾಣ್ ಇಬ್ಬರನ್ನು ಕಳಿಸಿದರು ಎಂಬುದು, ನೀವು ಅವರ ಆಟವನ್ನೂ ಕಣ್ಣಿಟ್ಟು ನೋಡಿದ್ದೀರಿ ಎಂಬುದಕ್ಕೆ ಸಾಕ್ಷಿ. ಹೈದರಾಬಾದಿನ ಟ್ರಾವಿಸ್ ಹೆಡ್ ಅವರ 39 ಎಸೆತದ ಶತಕವನ್ನು ನಾನು ಬೇಕೆಂದೇ ಬಿಟ್ಟೆ. ಅದು ದೊಡ್ಡ ಸಂಗತಿ ಹೌದು, ಆದರೆ ಈ ಅಭಿಪ್ರಾಯಕ್ಕೆ ಸಂಬಂಧಿಸಿದ್ದಲ್ಲ, ಅದಕ್ಕೆ ಬೇರೆ ವಿಡಿಯೊ ಬೇಕು.

ಐದನೇ ಹೆಜ್ಜೆ: ಸಾಕ್ಷ್ಯ ತೋರಿಸುವುದು, ಆದರೆ ಪ್ರಸಾರದ ದೃಶ್ಯವಿಲ್ಲದೆ

ಇಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಕೊಹ್ಲಿ ಬೌಲ್ಡ್ ಆದ ದೃಶ್ಯವನ್ನೇ ಹಾಕಿದರೆ ಅದಕ್ಕಿಂತ ಸಾಕ್ಷ್ಯ ಬೇಕೆ ಎನಿಸುತ್ತದೆ. ಆದರೆ ಆ ದೃಶ್ಯದ ಹಕ್ಕು ಪ್ರಸಾರಕರದ್ದು ಮತ್ತು ಕ್ರಿಕೆಟ್ ಮಂಡಳಿಯದ್ದು. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಹಿಡಿದರೂ, ದೃಶ್ಯವನ್ನು ಕನ್ನಡಿಯಂತೆ ತಿರುಗಿಸಿದರೂ, ಹಿನ್ನೆಲೆಯಲ್ಲಿ ವೀಕ್ಷಕ ವಿವರಣೆಯ ಧ್ವನಿಯಷ್ಟೇ ಇದ್ದರೂ ಹಕ್ಕು ಬದಲಾಗುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಗುರುತಿಸಿ ವಿಡಿಯೊ ತಡೆಯಬಹುದು, ಹಕ್ಕುದಾರರು ನೇರವಾಗಿ ದೂರು ಕೊಟ್ಟರೆ ಕಾಪಿರೈಟ್ ಸ್ಟ್ರೈಕ್ ಬೀಳುತ್ತದೆ, 90 ದಿನಗಳ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುವ ಸ್ಥಿತಿ ಬರುತ್ತದೆ. "ಕೇವಲ ಐದು ಸೆಕೆಂಡ್ ಬಳಸಿದರೆ ಏನೂ ಆಗುವುದಿಲ್ಲ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅಂತಹ ನಿಯಮ ಇಲ್ಲ.

ಆಟದ ಅಂಕಿ ಮಾತ್ರ ಯಾರೊಬ್ಬರ ಸ್ವತ್ತೂ ಅಲ್ಲ. ಆದ್ದರಿಂದ ನಿಮ್ಮ ನೋಟ್‌ಬುಕ್ ಪುಟವೇ ಸಾಕ್ಷ್ಯವಾಗಲಿ. ಬಿಳಿ ಹಾಳೆಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಎರಡೇ ಸಾಲು ಬರೆಯಿರಿ: ಮೇಲೆ "76/0 – 79/0", ಕೆಳಗೆ "80/1 → 122/5". ಮೊದಲ ಸಾಲು ಹೇಳುವಾಗ ಎರಡನೆಯದನ್ನು ಅಂಗೈಯಿಂದ ಮುಚ್ಚಿಟ್ಟು, "ಆಮ್ಯಾಲ ಏನಾತು?" ಎಂದಾಗ ಕೈ ತೆಗೆಯಿರಿ. ಅಂಕಿಗಳನ್ನು ಕನ್ನಡ ಅಂಕೆಗಳ ಬದಲು ರೂಢಿಯ ಅಂಕೆಗಳಲ್ಲಿ ಬರೆದರೆ, ಕನ್ನಡ ಕೇಳಿ ಅರ್ಥವಾಗುವ ಆದರೆ ಓದಲು ಬಾರದ ಉರ್ದು, ತೆಲುಗು, ಮರಾಠಿ ಮನೆಮಾತಿನ ಗೆಳೆಯರಿಗೂ ತಲುಪುತ್ತದೆ. ಬೀದರಿನಂತಹ ಊರಿನಲ್ಲಿ ಅಂತಹವರು ನೋಡುಗರಲ್ಲಿ ಬಹಳ ಮಂದಿ ಇರುತ್ತಾರೆ. ಹಾಳೆ ಪರದೆಯ ಮಧ್ಯಕ್ಕಿಂತ ಸ್ವಲ್ಪ ಮೇಲಿರಲಿ, ಕೆಳಭಾಗವನ್ನು ಶೀರ್ಷಿಕೆಯೂ ಬಲ ಅಂಚನ್ನು ಲೈಕ್ ಮತ್ತು ಶೇರ್ ಗುಂಡಿಗಳೂ ಮುಚ್ಚುತ್ತವೆ.

ಆರನೇ ಹೆಜ್ಜೆ: ಚಿತ್ರೀಕರಣ

ಮೊಬೈಲನ್ನು ಉದ್ದಕ್ಕೆ ನಿಲ್ಲಿಸಿ 1080×1920 ಅಳತೆಯಲ್ಲಿ ಹಿಡಿದರೆ ಸಾಕು, ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಭಾಗದ ತೊಂದರೆ ಧ್ವನಿಯದ್ದು. ಐಪಿಎಲ್ ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ, ಆಗ ರಾತ್ರಿ ಹನ್ನೊಂದೂವರೆಗೂ ಕಲಬುರಗಿಯ ಮನೆಗಳಲ್ಲಿ ಕೂಲರ್ ಮತ್ತು ಫ್ಯಾನ್ ನಿಲ್ಲುವುದಿಲ್ಲ. ಕೂಲರಿನ ಗುಂಯ್ ಎನ್ನುವ ಸದ್ದು ಕಿವಿಗೆ ಅಭ್ಯಾಸವಾಗಿ ಕೇಳಿಸದಿದ್ದರೂ ಮೈಕ್‌ಗೆ ಮಾತಿನಷ್ಟೇ ಜೋರಾಗಿ ಕೇಳಿಸುತ್ತದೆ, ಅದನ್ನು ಆಮೇಲೆ ಆ್ಯಪ್‌ನಲ್ಲಿ ಅಳಿಸಲು ಹೋದರೆ ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮನೆಯವರ ಅನುಮತಿ ಪಡೆದು ಒಂದು ನಿಮಿಷ ಎರಡನ್ನೂ ಆರಿಸಿ, ಇಯರ್‌ಫೋನಿನ ಮೈಕನ್ನು ಅಂಗಿಯ ಗುಂಡಿಗೆ ಸಿಕ್ಕಿಸಿ, ಹಾಸಿಗೆ ಮತ್ತು ಬಟ್ಟೆಗಳಿರುವ ಕೋಣೆಯಲ್ಲಿ ಮಾತನಾಡಿ. ಖಾಲಿ ಗೋಡೆಗಳ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ಮೊದಲ ಸಲ ಹಿಡಿದದ್ದನ್ನು ಇಯರ್‌ಫೋನ್ ಹಾಕಿ ಕೇಳಿ ನೋಡದೆ ಎರಡನೇ ಸಲಕ್ಕೆ ಹೋಗಬೇಡಿ.

ಏಳನೇ ಹೆಜ್ಜೆ: ಎದುರು ತಂಡದವನಿಗೆ ತೋರಿಸಿ

ಗೌರವವನ್ನು ಸ್ವಂತ ಅಂದಾಜಿನಿಂದ ಅಳೆಯಲು ಆಗುವುದಿಲ್ಲ. ಹಾಕುವ ಮುನ್ನ ಹೈದರಾಬಾದ್ ಪರ ಇರುವ ಒಬ್ಬ ಗೆಳೆಯನಿಗೆ ಕಳಿಸಿ, ಅವನ ತಕರಾರು ಯಾವುದರ ಮೇಲಿದೆ ಎಂದು ನೋಡಿ. "ಅಲ್ಲಪ್ಪಾ, ಬೌಲಿಂಗ್ ಕೂಡ ಕಾರಣ ಆಗಿತ್ತು" ಎಂದು ಅವನು ವಾದಕ್ಕೆ ಇಳಿದರೆ ವಿಡಿಯೊ ಸರಿಯಾಗಿದೆ. "ಹಿಂಗ್ಯಾಕ ಮಾತಾಡ್ತಿ?" ಎಂದರೆ ಅಭಿಪ್ರಾಯ ಸರಿಯಿದ್ದರೂ ಧಾಟಿ ಕೆಟ್ಟಿದೆ.

ಧಾಟಿ ಕೆಡುವುದು ಸಾಮಾನ್ಯವಾಗಿ ಬೈಗುಳದಿಂದಲ್ಲ, ಅದನ್ನು ಯಾರಾದರೂ ಗುರುತಿಸುತ್ತಾರೆ. ಕೆಡಿಸುವುದು ಸಣ್ಣ ಸಂಗತಿಗಳು. ಆಟಗಾರರ ಬಗ್ಗೆ ಹೇಳುತ್ತಿದ್ದ ಮಾತು ಗೊತ್ತಿಲ್ಲದೆ ಊರಿನವರ ಮೇಲೆ, ಭಾಷೆಯ ಮೇಲೆ ಜಾರುತ್ತದೆ. "ಹೈದರಾಬಾದ್ ಗೆದ್ದಿತು" ಎಂಬುದು "ಆ ಹೈದರಾಬಾದಿನವರು" ಆಗುತ್ತದೆ. ಇನ್ನೊಂದು, ಹಳೆಯ ಗಾಯ ಕೆದಕುವುದು. 2016ರ ಫೈನಲ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ ಎಂಟು ರನ್‌ಗಳಿಂದ ಗೆದ್ದಿತ್ತು, ಅದಕ್ಕೂ ಮೊದಲು 2009ರ ಫೈನಲ್‌ನಲ್ಲಿ ಆಗಿನ ಹೈದರಾಬಾದ್ ತಂಡ ಡೆಕ್ಕನ್ ಚಾರ್ಜರ್ಸ್ ಆರು ರನ್‌ಗಳಿಂದ ಗೆದ್ದಿತ್ತು. ಆರ್‌ಸಿಬಿಯವರಿಗೆ ಆ ಸಿಟ್ಟು ಇರುವುದು ಸಹಜ. ಆದರೆ ಈ ಪಂದ್ಯದ ನಾಲ್ಕು ಓವರುಗಳ ಬಗ್ಗೆ ಮಾತನಾಡುವಾಗ ಅದನ್ನು ಎಳೆದು ತಂದರೆ, ಕೇಳುವವನು ಆ ಓವರುಗಳನ್ನು ಬಿಟ್ಟು 2016ರ ಜಗಳಕ್ಕೆ ನಿಲ್ಲುತ್ತಾನೆ. ಮೂರನೆಯದು ನಮ್ಮದೇ ಆಟಗಾರನನ್ನು ಬಲಿ ಕೊಡುವುದು. ಮೊದಲ ಎಸೆತಕ್ಕೇ ಔಟಾದ ಸೌರವ್ ಚೌಹಾಣ್ ಅವರಂತಹ ಹೊಸ ಹುಡುಗನನ್ನು ಹೀಯಾಳಿಸುವುದರಿಂದ ಎದುರಿನವನಿಗೂ ಮುಜುಗರವೇ ಆಗುತ್ತದೆ.

ಶೀರ್ಷಿಕೆಗೂ ಇದೇ ಪರೀಕ್ಷೆ. ಒಳಗೆ ಸಭ್ಯವಾಗಿ ಮಾತನಾಡಿ ಹೊರಗೆ "ಆರ್‌ಸಿಬಿ ಮಾನ ಹರಾಜು" ಎಂದು ಬರೆದರೆ ಜನ ಆ ಹರಾಜನ್ನೇ ಹುಡುಕಿಕೊಂಡು ಬರುತ್ತಾರೆ. "79/0 ಇದ್ದದ್ದು 122/5 ಆಯಿತು" ಎಂಬ ಶೀರ್ಷಿಕೆಯಲ್ಲಿ ಬಿಸಿಯೂ ಇದೆ, ಸುಳ್ಳೂ ಇಲ್ಲ.

ಹಾಕುವ ಮುನ್ನ ತೆಗೆಯಬೇಕಾದ ಒಂದು ವಾಕ್ಯ

ಹೆಚ್ಚಿನ ಕರಡುಗಳ ಕೊನೆಯಲ್ಲಿ ಒಂದು ಭವಿಷ್ಯವಾಣಿ ತಾನಾಗಿ ಬಂದು ಕೂತಿರುತ್ತದೆ. ಆ ರಾತ್ರಿ ಆರ್‌ಸಿಬಿ ಏಳು ಪಂದ್ಯಗಳಲ್ಲಿ ಆರನ್ನು ಸೋತಿತ್ತು, "ಈ ವರ್ಷದ ಕಥೆ ಮುಗಿಯಿತು" ಎನ್ನುವುದು ತೀರಾ ಸುಲಭವಾಗಿತ್ತು. ಅದೇ ತಂಡ ಮುಂದೆ ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಆಗಿಹೋದ ನಾಲ್ಕು ಓವರುಗಳ ಸಾಕ್ಷ್ಯ ಮುಂದಿನ ಏಳು ಪಂದ್ಯಗಳ ಬಗ್ಗೆ ಏನನ್ನೂ ಹೇಳುವುದಿಲ್ಲ, ಆ ವಾಕ್ಯವನ್ನು ಹೊಡೆದು ಹಾಕಿ.

ಹಾಕಿದ ಮೇಲೆ ಯಾರಾದರೂ ಅಂಕಿ ತಪ್ಪೆಂದು ತೋರಿಸಿದರೆ, ಸಣ್ಣ ತಪ್ಪಾದರೆ ವಿವರಣೆಯಲ್ಲಿ ತಿದ್ದಿ ಬರೆಯಿರಿ. ಅಭಿಪ್ರಾಯವೇ ನಿಂತಿರುವ ಅಂಕಿ ತಪ್ಪಾದರೆ ತೆಗೆದು ಮತ್ತೆ ಮಾಡಿ, ನೋಡಿದವರ ಸಂಖ್ಯೆಗೆ ಆಸೆಪಟ್ಟು ಉಳಿಸಿಕೊಳ್ಳಬೇಡಿ.

ಗೆದ್ದ ದಿನದ ವಿಡಿಯೊ

ಸೋತ ದಿನ ವಿನಯ ತಾನಾಗಿ ಬರುತ್ತದೆ, ಗೆದ್ದ ದಿನ ಅದನ್ನು ತರಬೇಕಾಗುತ್ತದೆ. ಮೇಲಿನ ಪಂದ್ಯದ ಹತ್ತು ದಿನಗಳ ನಂತರ, ಏಪ್ರಿಲ್ 25ರಂದು ಆರ್‌ಸಿಬಿ ಹೈದರಾಬಾದಿಗೇ ಹೋಗಿ 35 ರನ್‌ಗಳಿಂದ ಗೆದ್ದಿತು. ಅಲ್ಲಿಯ ಸಾಕ್ಷ್ಯ ಕಣ್ಣಿಗೆ ರಾಚುವಂತಿತ್ತು: ರಜತ್ ಪಾಟೀದಾರ್ ಮಾರ್ಕಂಡೆಯ ಒಂದೇ ಓವರಿನಲ್ಲಿ ಸತತ ನಾಲ್ಕು ಸಿಕ್ಸರ್ ಹೊಡೆದು 20 ಎಸೆತದಲ್ಲಿ 50 ಗಳಿಸಿದರು. ಚಿನ್ನಸ್ವಾಮಿಯಲ್ಲಿ ಕೊಹ್ಲಿಯನ್ನೂ ಪಾಟೀದಾರರನ್ನೂ ಔಟ್ ಮಾಡಿದ್ದವರು ಇದೇ ಮಾರ್ಕಂಡೆ, "ಸೇಡು" ಎಂಬ ಪದ ನಾಲಿಗೆಯ ತುದಿಗೇ ಬಂದಿರುತ್ತದೆ. ಅದನ್ನು ಬಿಟ್ಟು ನಾನು ಬರೆಯುವುದು ಹೀಗೆ: "ಹತ್ತು ದಿನದ ಹಿಂದ ಪಾಟೀದಾರ್‌ನ ಔಟ್ ಮಾಡಿದ್ದ ಬೌಲರ್‌ಗೇ ಇವತ್ತು ಪಾಟೀದಾರ್ ನಾಲ್ಕು ಸಿಕ್ಸರ್ ಹೊಡದ್ರು. ಆವತ್ತು ಅವ್ರು ಗೆದ್ರು, ಇವತ್ತು ಇವ್ರು. ಹೈದರಾಬಾದ್ 207 ಬೆನ್ನಟ್ಟಿ 171ಕ್ಕ ನಿಂತಿತು. ಹೇಳ್ರಿ, ನಿಮ್ಮ ಲೆಕ್ಕದಾಗ ಆ ಓವರ್ ಯಾರಿಗೆ ಕೊಡಬೇಕಿತ್ತು?"